ವಿಷಯ: ಮಂಗಳವಾರದ ಸಭೆಯ ರೆಕಾರ್ಡಿಂಗ್ ಅಥವಾ ಟಿಪ್ಪಣಿ ಕೋರಿ

ಸುಮಾ ಮೇಡಂ ಅವರಿಗೆ ನಮಸ್ಕಾರಗಳು.

ಗ್ರಾಹಕರ ದೂರುಗಳ ದಾಖಲೆಯನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವ ಕುರಿತು ನಿನ್ನೆ, ಮಂಗಳವಾರ, ಬೆಳಿಗ್ಗೆ 11 ಗಂಟೆಗೆ ತಾವು ಕರೆದಿದ್ದ ಸಭೆಗೆ ನನಗೆ ಬರಲಾಗಲಿಲ್ಲ. ತಾಯಿಯವರ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಮೊದಲೇ ರಜೆ ಪಡೆದಿದ್ದೆ. ಅವರು ಚೆನ್ನಾಗಿದ್ದಾರೆ, ನಾನು ಇಂದು ಕೆಲಸಕ್ಕೆ ಮರಳಿದ್ದೇನೆ.

ಬಂದ ಕೂಡಲೇ ಸಭೆಯ ಚಾಟ್ ತೆರೆದು ನೋಡಿದಾಗ ಅದರ ಕೊನೆಯಲ್ಲಿ "ಹಳೆಯ ದೂರುಗಳ ಪಟ್ಟಿಯನ್ನು ರಘು ಶುಕ್ರವಾರ ಸಂಜೆಯೊಳಗೆ ಅಂತಿಮಗೊಳಿಸುತ್ತಾರೆ" ಎಂಬ ಸಾಲು ಕಂಡಿತು. ಈ ಕೆಲಸ ಮಾಡಲು ನಾನು ಸಿದ್ಧನಿದ್ದೇನೆ, ಅದರ ಬಗ್ಗೆ ಸಂದೇಹ ಬೇಡ. ಆದರೆ "ಹಳೆಯ ದೂರುಗಳು" ಎಂದಾಗ ಇತ್ಯರ್ಥವಾದವುಗಳೂ ಸೇರುತ್ತವೆಯೋ, ಇಲ್ಲ ಇನ್ನೂ ಬಾಕಿ ಇರುವವು ಮಾತ್ರವೋ ಎಂಬುದು ಆ ಒಂದು ಸಾಲಿನಿಂದ ತಿಳಿಯುತ್ತಿಲ್ಲ. ಒಬ್ಬರೇ ಗ್ರಾಹಕರು ಒಂದೇ ವಿಷಯಕ್ಕೆ ಎರಡು ಮೂರು ಬಾರಿ ಬರೆದಿರುವ ದೂರುಗಳನ್ನು ಒಂದಾಗಿ ಎಣಿಸಬೇಕೇ ಎಂಬುದೂ ಅಷ್ಟೇ. ನಾನು ಊಹೆಯ ಮೇಲೆ ಪಟ್ಟಿ ಮಾಡಿ, ಆಮೇಲೆ ತಮ್ಮ ತಂಡದವರು ಪ್ರತಿಯೊಂದನ್ನೂ ಮತ್ತೆ ತಾಳೆ ನೋಡುವಂತಾಗಬಾರದು. ಆದ್ದರಿಂದ ಸಭೆಯಲ್ಲಿ ಏನು ಮಾತಾಯಿತೋ ಅದನ್ನು ಇದ್ದ ಹಾಗೆಯೇ ಕೇಳಿ ಕೆಲಸ ಶುರುಮಾಡಬೇಕೆಂದಿದ್ದೇನೆ.

ಚಾಟ್‌ನಲ್ಲಿ 1 ಗಂಟೆ 10 ನಿಮಿಷಗಳ ರೆಕಾರ್ಡಿಂಗ್ ಕಾಣುತ್ತಿದೆ, ಆದರೆ ಒತ್ತಿದರೆ ಅನುಮತಿ ಇಲ್ಲವೆಂದು ತೋರಿಸುತ್ತದೆ. ತಾವು ನನಗೆ ಅನುಮತಿ ಕೊಟ್ಟರೆ ಇವತ್ತೇ ಪೂರ್ತಿ ಕೇಳಿಕೊಳ್ಳುತ್ತೇನೆ. ಎಲ್ಲರೊಂದಿಗೆ ಹಂಚಿಕೊಳ್ಳಲಾಗದ ವಿಷಯಗಳು ಅದರಲ್ಲಿದ್ದರೆ, ದಯವಿಟ್ಟು ತಾವು ಬರೆದುಕೊಂಡ ಟಿಪ್ಪಣಿಯಲ್ಲಿ ಪಟ್ಟಿಗೂ ವರ್ಗಾವಣೆಯ ದಿನಾಂಕಕ್ಕೂ ಸಂಬಂಧಿಸಿದ ಭಾಗವನ್ನಷ್ಟೇ ಕಳುಹಿಸಿ. ಅದಕ್ಕಾಗಿ ಮತ್ತೊಮ್ಮೆ ನೀಟಾಗಿ ಬರೆಯುವ ಶ್ರಮ ಬೇಡ. ನೋಟ್‌ಬುಕ್ಕಿನ ಪುಟದ ಫೋಟೊ ಸಾಕು, ತಮ್ಮ ಅಕ್ಷರ ನನಗೆ ಚೆನ್ನಾಗಿ ಪರಿಚಯವಿದೆ.

ರೆಕಾರ್ಡಿಂಗ್ ಕೇಳಿದ ಮೇಲೂ ಒಂದೆರಡು ಪ್ರಶ್ನೆಗಳು ಉಳಿಯಬಹುದು. ತಮಗೆ ಅನುಕೂಲವಾದರೆ ನಾಳೆ, ಗುರುವಾರ, ಸಂಜೆ 4 ಗಂಟೆಗೆ ಹದಿನೈದು ನಿಮಿಷ ಕೂತು ಮಾತಾಡೋಣವೇ? ನಾನೇ ತಮ್ಮ ಟೇಬಲ್ ಬಳಿ ಬರುತ್ತೇನೆ, ಅಥವಾ ಫೋನಿನಲ್ಲಾದರೂ ಆದೀತು. ಪ್ರಶ್ನೆಗಳನ್ನು ನಾಳೆ ಮಧ್ಯಾಹ್ನದೊಳಗೆ ಬರೆದು ಕಳುಹಿಸಿರುತ್ತೇನೆ. ತಾವು ಅಲ್ಲಿಯೇ ಎರಡು ಸಾಲಿನಲ್ಲಿ ಉತ್ತರಿಸಿದರೆ ಭೇಟಿಯ ಅಗತ್ಯವೂ ಬೀಳದು. ಕಳೆದ ತಿಂಗಳು ಬಾಕಿ ದೂರುಗಳನ್ನು ಪರಿಶೀಲಿಸುವಾಗ ಕಂಡ ಕೆಲವು ತಪ್ಪು ನಮೂದುಗಳನ್ನು ಗುರುತು ಹಾಕಿಟ್ಟಿದ್ದೇನೆ. ವರ್ಗಾವಣೆಗೆ ಮುಂಚೆ ಅವು ತಮ್ಮ ಗಮನಕ್ಕೆ ಬರುವುದು ಒಳ್ಳೆಯದು, ಭೇಟಿಯಾದರೆ ತೋರಿಸುತ್ತೇನೆ, ಇಲ್ಲವಾದರೆ ಪ್ರಶ್ನೆಗಳ ಜೊತೆಗೇ ಕಳುಹಿಸುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ರಘು
ದಾಖಲೆ ಪರಿಶೀಲನಾ ವಿಭಾಗ