ಕರಾರು ಕಾನೂನಿನ ಇಂಗ್ಲಿಷ್–ಕನ್ನಡ ಪದಕೋಶ: ಪರೀಕ್ಷಾ ಪುನರಾವರ್ತನೆಗಾಗಿ

ನಮ್ಮ ಐವರ ಅಧ್ಯಯನ ಗುಂಪಿನಲ್ಲಿ ಇಬ್ಬರು ಇಂಗ್ಲಿಷಿನಲ್ಲೂ ಮೂವರು ಕನ್ನಡದಲ್ಲೂ ಉತ್ತರ ಬರೆಯುವುದರಿಂದ, 1872ರ ಭಾರತೀಯ ಕರಾರು ಅಧಿನಿಯಮದ ಪ್ರತಿ ಪಾರಿಭಾಷಿಕ ಪದಕ್ಕೆ ಒಂದೇ ಕನ್ನಡ ಪದವನ್ನು ಇಲ್ಲಿ ಗೊತ್ತುಮಾಡಲಾಗಿದೆ. ಬೇರೆ ಪುಸ್ತಕದಲ್ಲಿ ಬೇರೆ ಪದ ಕಂಡರೆ ಅದನ್ನು ಅಂಚಿನಲ್ಲಿ ಗುರುತಿಸಿಕೊಳ್ಳಬಹುದು. ಉತ್ತರದಲ್ಲಿ ಮಾತ್ರ ಇಲ್ಲಿನದನ್ನೇ ಬಳಸತಕ್ಕದ್ದು.

ಅಗ್ರಿಮೆಂಟ್ – ಒಪ್ಪಂದ. ಕಾಂಟ್ರಾಕ್ಟ್ – ಕರಾರು. ಪರಸ್ಪರ ಪ್ರತಿಫಲವಾಗಿರುವ ವಚನಗಳು ಒಪ್ಪಂದವಾಗುತ್ತವೆ [ಕಲಂ 2(ಇ)]. ಕಾನೂನಿನ ಮೂಲಕ ಜಾರಿಗೊಳಿಸಬಹುದಾದ ಒಪ್ಪಂದವೇ ಕರಾರು [ಕಲಂ 2(ಎಚ್)]. ಎರಡಕ್ಕೂ ‘ಒಪ್ಪಂದ’ ಎಂದೇ ಬರೆದರೆ ‘ಎಲ್ಲ ಕರಾರುಗಳೂ ಒಪ್ಪಂದಗಳೇ, ಎಲ್ಲ ಒಪ್ಪಂದಗಳೂ ಕರಾರುಗಳಲ್ಲ’ ಎಂಬ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಹೆಂಡತಿಗೆ ತಿಂಗಳು ತಿಂಗಳು ಹಣ ಕಳಿಸುವೆನೆಂದು ಗಂಡ ಕೊಟ್ಟ ಮಾತು ಕರಾರಲ್ಲವೆಂದು ತೀರ್ಮಾನವಾದ ಬಾಲ್ಫೋರ್ ಪ್ರಕರಣವನ್ನು (1919) ಇಲ್ಲಿ ಉದಾಹರಿಸಬೇಕು.

ಪ್ರಪೋಸಲ್ – ಪ್ರಸ್ತಾವನೆ. ಆಕ್ಸೆಪ್ಟೆನ್ಸ್ – ಅಂಗೀಕಾರ. ಕನ್ಸೆಂಟ್ – ಸಮ್ಮತಿ. ಅಂಗೀಕೃತವಾದ ಪ್ರಸ್ತಾವನೆ ವಚನವಾಗುತ್ತದೆ. ಕೊಟ್ಟವರು ವಚನದಾತರು, ಪಡೆದವರು ವಚನಗ್ರಾಹಿಗಳು. ‘ಒಪ್ಪಿಗೆ’ ಎಂಬ ಪದವನ್ನು ಎಲ್ಲಿಯೂ ಬಳಸಬಾರದು, ಏಕೆಂದರೆ ಮಾತಿನಲ್ಲಿ ಅದು ಅಂಗೀಕಾರಕ್ಕೂ ಸಲ್ಲುತ್ತದೆ, ಸಮ್ಮತಿಗೂ ಸಲ್ಲುತ್ತದೆ. ಸಮ್ಮತಿಯೆಂದರೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪುವುದು (ಕಲಂ 13).

ಕನ್ಸಿಡರೇಷನ್ – ಪ್ರತಿಫಲ. ಕಳೆದ ಕಿರುಪರೀಕ್ಷೆಯಲ್ಲಿ ನಮ್ಮಲ್ಲೊಬ್ಬರು ಇದನ್ನು ‘ಪರಿಗಣನೆ’ ಎಂದು ಬರೆದು, ನ್ಯಾಯಾಲಯವು ಏನನ್ನು ಪರಿಗಣಿಸುತ್ತದೆ ಎಂಬುದರ ಮೇಲೆ ಒಂದು ಪುಟ ತುಂಬಿಸಿದರು. ವಚನದಾತರ ಇಚ್ಛೆಯ ಮೇರೆಗೆ ಮಾಡಿದ, ಮಾಡುತ್ತಿರುವ ಅಥವಾ ಮಾಡುವೆನೆಂದು ಒಪ್ಪಿದ ಕ್ರಿಯೆ, ಇಲ್ಲವೇ ಅದೇ ರೀತಿ ಕ್ರಿಯೆಯೊಂದರಿಂದ ದೂರವಿರುವುದು ಪ್ರತಿಫಲವಾಗುತ್ತದೆ [ಕಲಂ 2(ಡಿ)]. ಅದನ್ನು ವಚನಗ್ರಾಹಿಯೇ ಕೊಡಬೇಕೆಂದಿಲ್ಲ, ಬೇರೊಬ್ಬರೂ ಕೊಡಬಹುದು. ಇಂಗ್ಲಿಷ್ ಕಾನೂನಿನಿಂದ ನಮ್ಮದು ಭಿನ್ನವಾಗುವ ಈ ಅಂಶಕ್ಕೆ ಮದ್ರಾಸ್ ಉಚ್ಚ ನ್ಯಾಯಾಲಯದ ಚಿನ್ನಯ್ಯ ವಿರುದ್ಧ ರಾಮಯ್ಯ (1882) ಆಧಾರ.

ವಾಯ್ಡ್ – ಶೂನ್ಯ. ವಾಯ್ಡಬಲ್ – ಶೂನ್ಯಗೊಳಿಸಬಹುದಾದ. ಇಲ್ಲೀಗಲ್ – ಕಾನೂನುಬಾಹಿರ. ‘ಅಸಿಂಧು’, ‘ಅನೂರ್ಜಿತ’ ಮುಂತಾದವೂ ರೂಢಿಯಲ್ಲಿವೆಯಾದರೂ ಒಂದೇ ಉತ್ತರದಲ್ಲಿ ಮೂರನ್ನೂ ಬೆರೆಸಿದರೆ ಮೂರು ಬೇರೆ ಪರಿಕಲ್ಪನೆಗಳಿವೆ ಎಂದು ಓದುವವರಿಗೆ ಅನ್ನಿಸುತ್ತದೆ. ಅಪ್ರಾಪ್ತ ವಯಸ್ಕರು ಮಾಡಿದ ಒಪ್ಪಂದ ಆರಂಭದಿಂದಲೇ ಶೂನ್ಯ, ಶೂನ್ಯಗೊಳಿಸಬಹುದಾದದ್ದಲ್ಲ (ಮೋಹೋರಿ ಬೀಬಿ ಪ್ರಕರಣ, 1903). ವಂಚನೆಯಿಂದ ಸಮ್ಮತಿ ಪಡೆದ ಕರಾರಾದರೋ, ಮೋಸಹೋದ ಪಕ್ಷಕಾರರು ಬೇಡವೆನ್ನುವವರೆಗೆ ಊರ್ಜಿತವಾಗಿಯೇ ಇರುತ್ತದೆ.

ಕೋಅರ್ಷನ್ – ಬಲವಂತ. ಹಳೆಯ ಅನುವಾದಗಳ ‘ಬಲಾತ್ಕಾರ’ ಇಂದು ಪತ್ರಿಕೆಗಳಲ್ಲಿ ಬೇರೊಂದು ಅಪರಾಧವನ್ನೇ ಸೂಚಿಸುವುದರಿಂದ ಅದನ್ನು ಕೈಬಿಡಲಾಗಿದೆ.

ಅನ್‌ಡ್ಯೂ ಇನ್‌ಫ್ಲುಯೆನ್ಸ್ – ಅನುಚಿತ ಪ್ರಭಾವ. ಫ್ರಾಡ್ – ವಂಚನೆ. ಮಿಸ್‌ರೆಪ್ರೆಸೆಂಟೇಷನ್ – ತಪ್ಪು ನಿರೂಪಣೆ. ಕಲಂ 16, 17, 18. ಮೋಸಗೊಳಿಸುವ ಉದ್ದೇಶವಿದ್ದರೆ ವಂಚನೆ, ನಂಬಿ ಹೇಳಿದ್ದು ಸುಳ್ಳಾದರೆ ತಪ್ಪು ನಿರೂಪಣೆ.

ಫ್ರಸ್ಟ್ರೇಷನ್ – ಕರಾರಿನ ನಿಷ್ಫಲತೆ. ಹತಾಶೆಯಲ್ಲ. ಕಲಂ 56ರ ‘ಅಸಾಧ್ಯ’ ಎಂಬುದು ಭೌತಿಕ ಅಸಾಧ್ಯತೆಗಷ್ಟೇ ಸೀಮಿತವಲ್ಲವೆಂದು ಸತ್ಯಬ್ರತ ಘೋಷ್ ಪ್ರಕರಣದಲ್ಲಿ (1954) ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಡ್ಯಾಮೇಜ್ – ನಷ್ಟ. ಡ್ಯಾಮೇಜಸ್ – ನಷ್ಟಪರಿಹಾರ. ಇಂಡೆಮ್ನಿಟಿ – ನಷ್ಟಭರ್ತಿ. ನಷ್ಟಪರಿಹಾರವು ಕರಾರು ಭಂಗವಾದ ಮೇಲೆ ಹುಟ್ಟುವ ಹಕ್ಕು (ಕಲಂ 73). ನಷ್ಟಭರ್ತಿಯು ನಷ್ಟವಾದರೆ ತುಂಬಿಕೊಡುವೆನೆಂದು ಮುಂಚೆಯೇ ಮಾಡಿಕೊಂಡ ಕರಾರು (ಕಲಂ 124).

ಗ್ಯಾರಂಟಿ – ಖಾತರಿ. ಶ್ಯೂರಿಟಿ – ಜಾಮೀನುದಾರ. ಕಲಂ 126ರಲ್ಲಿ ಮೂವರಿದ್ದಾರೆ. ಕನ್ನಡದಲ್ಲಿ ‘ಸಾಲಗಾರ’ ಎಂದರೆ ಸಾಲ ಮಾಡಿದವನೂ ಹೌದು, ಬಾಗಿಲಿಗೆ ಬಂದು ಕೇಳುವವನೂ ಹೌದು. ಆದ್ದರಿಂದ ಕ್ರೆಡಿಟರ್‌ಗೆ ‘ಸಾಲದಾತ’, ಪ್ರಿನ್ಸಿಪಲ್ ಡೆಟರ್‌ಗೆ ‘ಮೂಲ ಋಣಿ’ ಎಂದೇ ಬರೆಯಬೇಕು. ‘ಜಾಮೀನು’ ಎಂದಷ್ಟೇ ಬರೆದರೆ ಕ್ರಿಮಿನಲ್ ಪತ್ರಿಕೆಯ ನೆನಪಾಗುತ್ತದೆ.

ಬೇಲ್‌ಮೆಂಟ್ – ನಿಕ್ಷೇಪ. ಪ್ಲೆಡ್ಜ್ – ಗಿರವಿ. ಸಾಲದ ಅಥವಾ ವಚನ ಪಾಲನೆಯ ಭದ್ರತೆಗಾಗಿ ಮಾಡಿದ ನಿಕ್ಷೇಪವೇ ಗಿರವಿ (ಕಲಂ 172).

ಕ್ವಾಸಿ ಕಾಂಟ್ರಾಕ್ಟ್ – ಕರಾರು ಸದೃಶ ಸಂಬಂಧ. ‘ಅರೆ ಕರಾರು’ ಚಿಕ್ಕದಾಗಿ ಚೆನ್ನಾಗಿದೆ ಎಂಬ ವಾದ ಗುಂಪಿನಲ್ಲಿ ಎರಡು ಸಂಜೆ ನಡೆಯಿತು. ಆದರೆ ಅಲ್ಲಿ ಅರ್ಧ ಕರಾರೂ ಇರುವುದಿಲ್ಲ: ವ್ಯಾಪಾರಿಯೊಬ್ಬ ಮರೆತು ಬಿಟ್ಟುಹೋದ ಸರಕನ್ನು ಮನೆಯವನು ತನ್ನದೆಂದು ಬಳಸಿಕೊಂಡರೆ, ಯಾವ ಮಾತುಕತೆಯೂ ನಡೆಯದಿದ್ದರೂ ಕಲಂ 70ರಂತೆ ಹಣ ಕೊಡಬೇಕಾಗುತ್ತದೆ. ಅಧಿನಿಯಮದ ಐದನೆಯ ಅಧ್ಯಾಯದ ಶೀರ್ಷಿಕೆಯೂ ‘ಕರಾರಿನಿಂದ ಉಂಟಾದವುಗಳನ್ನು ಹೋಲುವ ಸಂಬಂಧಗಳು’ ಎಂದೇ ಹೇಳುವುದರಿಂದ ಉದ್ದನೆಯ ಪದವೇ ಉಳಿದಿದೆ.