ಇಂಟರಾಕ್ಷನ್ ಪ್ಲಾಟ್‌ನಲ್ಲಿ ಗೆರೆಗಳು ಅಡ್ಡಹಾಯ್ದಾಗ

ಗಿಡದ ಎತ್ತರದ ಮೇಲೆ ನೀರು ಮತ್ತು ಗೊಬ್ಬರದ ಪರಿಣಾಮ ತೋರಿಸುವ ಪ್ಲಾಟ್‌ನ ಫೋಟೋ ಕಳಿಸಿ, ಅದರಲ್ಲಿ ದಾಟಿರುವ ಗೆರೆಗಳನ್ನು ಹೇಗೆ ಓದುವುದು ಎಂದು ಕೇಳಿದ್ದೀರಿ. ಆ ಫೋಟೋ ಓರೆಯಾಗಿದೆ, ಬಲಬದಿ ಕಿರಿದಾಗಿ ಕಾಣುತ್ತದೆ. ಇಂಥ ಫೋಟೋದಲ್ಲಿ ಸಮಾನಾಂತರ ಗೆರೆಗಳೂ ಒಂದರತ್ತ ಒಂದು ಬಾಗಿದಂತೆ ತೋರಬಹುದು. ಆದ್ದರಿಂದ ಇಳಿಜಾರನ್ನು ಕಣ್ಣಳತೆಯಲ್ಲಿ ನಂಬಬೇಡಿ, ಪ್ರತಿ ಬಿಂದುವನ್ನೂ ಹಿಂದಿನ ಚೌಕುಳಿ ಗೆರೆಗಳಿಗೆ ಹೋಲಿಸಿ ಅಂಕಿ ಬರೆದುಕೊಳ್ಳಿ. ಕಾಗದ ಚಪ್ಪಟೆಯಾಗಿದ್ದರೆ, ಅಡ್ಡಹಾಯದ ಗೆರೆಗಳನ್ನು ಓರೆ ಕೋನ ಅಡ್ಡಹಾಯಿಸಲಾರದು. ಹಾಗಾಗಿ ನಿಮ್ಮ ಪ್ಲಾಟ್‌ನ ದಾಟು ಫೋಟೋದ ಕೋನದಿಂದ ಬಂದದ್ದಲ್ಲ.

ಅಡ್ಡ ಅಕ್ಷದಲ್ಲಿ ನೀರು, ಲಂಬ ಅಕ್ಷದಲ್ಲಿ ಗಿಡದ ಸರಾಸರಿ ಎತ್ತರ, ಪ್ರತಿ ಗೊಬ್ಬರಕ್ಕೆ ಒಂದು ಗೆರೆ. ಓದಿದಾಗ ಸಿಗುವ ನಾಲ್ಕು ಸರಾಸರಿಗಳು, ಸೆಂ.ಮೀ.ಗಳಲ್ಲಿ:

ಎ ಗೊಬ್ಬರ: ಕಡಿಮೆ ನೀರಿಗೆ 18, ಹೆಚ್ಚು ನೀರಿಗೆ 30
ಬಿ ಗೊಬ್ಬರ: ಕಡಿಮೆ ನೀರಿಗೆ 24, ಹೆಚ್ಚು ನೀರಿಗೆ 22

ಮುಖ್ಯ ಪರಿಣಾಮ ಎಂದರೆ ಇನ್ನೊಂದು ಫ್ಯಾಕ್ಟರ್ ಮೇಲೆ ಸರಾಸರಿ ತೆಗೆದ ಮೇಲೆ ಉಳಿಯುವ ವ್ಯತ್ಯಾಸ. ಕಡಿಮೆ ನೀರಿನ ಸರಾಸರಿ 21, ಹೆಚ್ಚು ನೀರಿನದು 26, ಅಂದರೆ ನೀರಿನ ಮುಖ್ಯ ಪರಿಣಾಮ 5. ಎ ಸರಾಸರಿ 24, ಬಿ ಸರಾಸರಿ 23, ಗೊಬ್ಬರದ್ದು ಕೇವಲ 1. ಪ್ಲಾಟ್ ಮೇಲೆ ನೋಡುವುದಾದರೆ, ಎಡ ಬಿಂದುಗಳ ನಡುಮಧ್ಯ ಮತ್ತು ಬಲ ಬಿಂದುಗಳ ನಡುಮಧ್ಯದ ಎತ್ತರದ ಅಂತರವೇ ನೀರಿನ ಪರಿಣಾಮ. ಎರಡು ಗೆರೆಗಳ ಮಧ್ಯಬಿಂದುಗಳ ಅಂತರ ಗೊಬ್ಬರದ್ದು.

ಇಂಟರಾಕ್ಷನ್ ಇದಕ್ಕಿಂತ ಬೇರೆಯೇ ಪ್ರಶ್ನೆ: ನೀರು ಹೆಚ್ಚಿಸಿದರೆ ಆಗುವ ಬದಲಾವಣೆ ಎರಡೂ ಗೊಬ್ಬರಗಳಿಗೆ ಒಂದೇ ಇದೆಯೇ? ಎ 12 ಏರಿದೆ, ಬಿ 2 ಇಳಿದಿದೆ. ವ್ಯತ್ಯಾಸಗಳ ವ್ಯತ್ಯಾಸ 14. ಇದು ಸೊನ್ನೆಯಾಗಿದ್ದರೆ ಗೆರೆಗಳು ಸಮಾನಾಂತರ. ಇಂಟರಾಕ್ಷನ್ ಇದೆ ಎನ್ನಲು ಗೆರೆಗಳು ಅಡ್ಡಹಾಯಲೇಬೇಕು ಎಂಬ ನಿಯಮವಿಲ್ಲ. ಇಳಿಜಾರು ಬೇರೆಯಾಗಿದ್ದರೆ ಸಾಕು. ತೀರಾ ಸಾಮಾನ್ಯವಾದ ತಪ್ಪು ಇಲ್ಲೇ ಆಗುತ್ತದೆ: ‘ಗೆರೆ ದಾಟಿಲ್ಲ, ಇಂಟರಾಕ್ಷನ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಇದರ ತಿರುವುಮುರುವೂ ತಪ್ಪೇ. ಕಡಿಮೆ ಮಾದರಿ ಇದ್ದಾಗ ಬರೀ ಯಾದೃಚ್ಛಿಕ ಏರಿಳಿತದಿಂದಲೂ ಗೆರೆಗಳು ದಾಟುತ್ತವೆ. ನಿಮ್ಮ ಪ್ಲಾಟ್‌ನಲ್ಲಿ ಎರರ್ ಬಾರ್ ಇಲ್ಲ, ಆದ್ದರಿಂದ ತೀರ್ಪು ಕೋಷ್ಟಕದ್ದು.

ಫೋಟೋದ ಕೆಳಗಿನ ಕೋಷ್ಟಕದ ಪ್ರಕಾರ ಪ್ರತಿ ಸೆಲ್‌ಗೆ, ಅಂದರೆ ನೀರು-ಗೊಬ್ಬರದ ಪ್ರತಿ ಜೋಡಿಗೆ, 10 ಗಿಡ, ದೋಷದ ಸರಾಸರಿ ವರ್ಗ 16. ಇಂಟರಾಕ್ಷನ್ನಿನ ವರ್ಗಗಳ ಮೊತ್ತ 10 × 14² ÷ 4 = 490, ಇದನ್ನು ಆ 16ರಿಂದ ಭಾಗಿಸಿದರೆ ಎಫ್ = 30.6. ನೀರಿಗೆ 250, ಎಫ್ = 15.6. ಗೊಬ್ಬರಕ್ಕೆ 10, ಎಫ್ = 0.6. ಡಿಗ್ರೀಸ್ ಆಫ್ ಫ್ರೀಡಂ 1 ಮತ್ತು 36, ಶೇ. 5ರ ಮಟ್ಟದಲ್ಲಿ ದಾಟಬೇಕಾದ ಮಿತಿ 4.11. ಇಂಟರಾಕ್ಷನ್ ಗಟ್ಟಿಯಾಗಿದೆ.

ಗೊಬ್ಬರದ ಎಫ್ ಇಷ್ಟು ಚಿಕ್ಕದಿದೆಯೆಂದು ‘ಗೊಬ್ಬರದಿಂದ ವ್ಯತ್ಯಾಸವಿಲ್ಲ’ ಎಂದು ಬರೆಯಬೇಡಿ. ಕಡಿಮೆ ನೀರಿನಲ್ಲಿ ಬಿ 6 ಮುಂದಿದೆ, ಹೆಚ್ಚು ನೀರಿನಲ್ಲಿ ಎ 8 ಮುಂದಿದೆ. ಎದುರುಬದುರಾದ ಈ ಎರಡು ಅಂತರಗಳು ಸರಾಸರಿಯಲ್ಲಿ ಒಂದನ್ನೊಂದು ನುಂಗಿ 1 ಉಳಿದಿದೆ, ಅಷ್ಟೇ. ನೀರಿನ 5 ಕೂಡ ಅರ್ಧಸತ್ಯ: ಏರಿಕೆ ಎ-ಯಲ್ಲಿ ಮಾತ್ರ. ಹಾಗಾಗಿ ನೀರಿನ ಪ್ರತಿ ಮಟ್ಟದಲ್ಲಿ ಗೊಬ್ಬರಗಳನ್ನು ಬೇರೆಬೇರೆ ಹೋಲಿಸಿ. ಆರ್ ಭಾಷೆಯಲ್ಲಿ ಹೀಗೆ:

```r
m <- aov(height ~ water * fert, data = d)
summary(m)
library(emmeans)
emmeans(m, pairwise ~ fert | water)
```

ಎರಡು ಸೆಲ್ ಸರಾಸರಿಗಳ ವ್ಯತ್ಯಾಸದ ಪ್ರಮಾಣಿತ ದೋಷ √(16 × 2 ÷ 10) ≈ 1.79. ಆರು ಮತ್ತು ಎಂಟು ಇದರ ಮೂರು ಪಟ್ಟಿಗೂ ಮೀರಿವೆ, ಗೊಬ್ಬರಗಳ ಕ್ರಮ ತಿರುಗಿದ್ದು ನಿಜ. ಬಿ-ಯ 2ರ ಇಳಿತ ಮಾತ್ರ ಬರೀ 1.1 ಪಟ್ಟು, ಆದ್ದರಿಂದ ‘ಹೆಚ್ಚು ನೀರು ಬಿ-ಗೆ ಹಾನಿ’ ಎನ್ನಲು ಆಧಾರವಿಲ್ಲ. ಸೆಲ್‌ಗಳಲ್ಲಿ ಸಂಖ್ಯೆ ಸಮನಾಗಿಲ್ಲದಿದ್ದರೆ `aov` ಫ್ಯಾಕ್ಟರ್‌ಗಳನ್ನು ಬರೆದ ಕ್ರಮಕ್ಕೆ ತಕ್ಕಂತೆ ಮುಖ್ಯ ಪರಿಣಾಮಗಳ ಉತ್ತರ ಬದಲಿಸುತ್ತದೆ; ಇಲ್ಲಿ ಸಮನಿದೆ, ತೊಂದರೆಯಿಲ್ಲ.

ಗೆರೆಗಳು ದಾಟುವ ಬಿಂದುವನ್ನು, ಅಂದರೆ ಸುಮಾರು 23 ಸೆಂ.ಮೀ. ಎತ್ತರದ ಜಾಗವನ್ನು, ನೀವು ಸುತ್ತು ಹಾಕಿ ‘ಸಮತೋಲನದ ನೀರು’ ಎಂದು ಗುರುತಿಸಿದ್ದೀರಿ. ಅದನ್ನು ಅಳಿಸಿ. ‘ಕಡಿಮೆ’ ಮತ್ತು ‘ಹೆಚ್ಚು’ ಎಂಬ ಎರಡೇ ಮಟ್ಟ ಅಳೆದಿರುವಾಗ ನಡುವಿನ ಗೆರೆ ಕಣ್ಣಿಗೆ ದಾರಿ ತೋರಿಸಲು ಎಳೆದದ್ದು, ಅಲ್ಲಿ ಯಾವ ಗಿಡವನ್ನೂ ಅಳೆದಿಲ್ಲ.

ಲಾಗ್ ತೆಗೆದರೆ ಇಂಟರಾಕ್ಷನ್ ಮಾಯವಾಗುವುದೇ ಎಂದು ಕೇಳಿದ್ದಿರಿ. ಒಂದು ಗೆರೆ 10ರಿಂದ 20ಕ್ಕೆ, ಇನ್ನೊಂದು 20ರಿಂದ 40ಕ್ಕೆ ಹೋಗಿದ್ದರೆ ಹೌದು, ಲಾಗ್‌ನಲ್ಲಿ ಅವು ಸಮಾನಾಂತರವಾಗುತ್ತವೆ. ನಿಮ್ಮಲ್ಲಿ ಗೊಬ್ಬರಗಳ ಮೇಲುಕೆಳಗೇ ತಿರುಗಿದೆ, ಮತ್ತು ಕ್ರಮವನ್ನು ಕಾಯುವ ಯಾವ ಪರಿವರ್ತನೆಯೂ ಅದನ್ನು ನೇರ ಮಾಡಲಾರದು.