ಮಾರ್ಕೆಟಿಂಗ್ ಟ್ರೈನಿ ಹುದ್ದೆಗೆ ಅರ್ಜಿ

ಇಂದ,
ಸಹನಾ ಎಂ. ಎಸ್.
ಎಂ.ಎ. (ಇತಿಹಾಸ)
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ

ಇವರಿಗೆ,
ಮುಖ್ಯಸ್ಥರು, ಮಾರಾಟ ಮತ್ತು ಪ್ರಚಾರ ವಿಭಾಗ
ಶಿವಮೊಗ್ಗ

ದಿನಾಂಕ: 10 ಜೂನ್ 2024

ವಿಷಯ: ಮಾರ್ಕೆಟಿಂಗ್ ಟ್ರೈನಿ ಹುದ್ದೆಗೆ ಅರ್ಜಿ

ಮಾನ್ಯರೇ,

ನಿಮ್ಮ ಸಂಸ್ಥೆ ಉಪ್ಪಿನಕಾಯಿ, ಜೋನಿಬೆಲ್ಲ, ಕಾಳುಮೆಣಸು ಮತ್ತು ಹಪ್ಪಳದ ವಿಭಾಗಕ್ಕೆ ಟ್ರೈನಿ ಬೇಕೆಂದು ಕೊಟ್ಟ ಪ್ರಕಟಣೆ ನೋಡಿ ಈ ಅರ್ಜಿ ಬರೆಯುತ್ತಿದ್ದೇನೆ. ಗ್ರಾಹಕರ ಸಮೀಕ್ಷೆ ಮಾಡಬೇಕು, ಉತ್ಪನ್ನಗಳ ಬಗ್ಗೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಯಬೇಕು, ಮೇಳಗಳಲ್ಲಿ ಮಳಿಗೆ ನೋಡಿಕೊಳ್ಳಬೇಕು ಎಂದು ಅದರಲ್ಲಿತ್ತು. ಯಾವ ಪದವಿಯಾದರೂ ಆಗುತ್ತದೆ ಎಂದೂ ಇತ್ತು. ನಾನು ಓದಿದ್ದು ಇತಿಹಾಸ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಈ ವರ್ಷ ಎಂ.ಎ. ಮುಗಿಸಿದ್ದೇನೆ, ಪ್ರಥಮ ದರ್ಜೆ ಬಂದಿದೆ. ಬಿಬಿಎ, ಎಂಬಿಎ ಮಾಡಿದವರ ಅರ್ಜಿಗಳೂ ನಿಮಗೆ ಬಂದಿರುತ್ತವೆ. ಹಾಗಾಗಿ ಇತಿಹಾಸದವಳು ನಿಮ್ಮ ಕೆಲಸಕ್ಕೆ ಹೇಗೆ ಒದಗುತ್ತಾಳೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಂ.ಎ.ಯಲ್ಲಿ ನನ್ನ ಪ್ರಾಜೆಕ್ಟ್ ಶರಾವತಿ ಮುಳುಗಡೆಯ ಕುಟುಂಬಗಳ ಬಗ್ಗೆ. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಊರು ಬಿಟ್ಟವರು ಈಗ ಜಿಲ್ಲೆಯ ಬೇರೆ ಬೇರೆ ಕಡೆ ಇದ್ದಾರೆ. ಅವರ ಮನೆಗಳಿಗೆ ಹೋಗಿ, ಕೂತು, ಮಾತಾಡಿಸಿ, ರೆಕಾರ್ಡ್ ಮಾಡಿ, ಎಲ್ಲವನ್ನೂ ಬರೆದಿಳಿಸಿದೆ. ಹೊಳೆಬಾಗಿಲಿನಿಂದ ಲಾಂಚ್ ಹತ್ತಿ ತುಮರಿ ಕಡೆಗೂ ಹೋಗಿದ್ದೆ. ಮೊದಲು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ, 'ಮುಳುಗಡೆಯಲ್ಲಿ ಏನೇನು ಹೋಯಿತು?' ಉತ್ತರ ಒಂದೇ ಸಾಲಿನಲ್ಲಿ ಮುಗಿದುಬಿಡುತ್ತಿತ್ತು: ಮನೆ, ಗದ್ದೆ, ತೋಟ. ಎಷ್ಟೋ ಸಲ ಹೇಳಿ ಸವೆದ ಉತ್ತರ ಅದು. ಆಮೇಲೆ ಪ್ರಶ್ನೆ ತಿರುಗಿಸಿದೆ. 'ಬರುವಾಗ ಏನು ತಂದಿರಿ?' ಎಂದು ಕೇಳತೊಡಗಿದೆ. ಆಗ ಮಾತು ಬಂತು ನೋಡಿ! ಒಬ್ಬ ಅಜ್ಜಿ ಕಾಳುಮೆಣಸಿನ ಬಳ್ಳಿ ತುಂಡು ಮಾಡಿ ಒದ್ದೆ ಗೋಣಿಯಲ್ಲಿ ಸುತ್ತಿ ತಂದದ್ದನ್ನು ಹೇಳಿದರು. ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಗಾಡಿಗೆ ಹಾಕದೆ, ದಾರಿಯುದ್ದಕ್ಕೂ ಮಡಿಲಲ್ಲೇ ಇಟ್ಟುಕೊಂಡು ಬಂದರಂತೆ. ಮಧ್ಯಾಹ್ನ ಶುರುವಾದ ಮಾತು ದೀಪ ಹಚ್ಚುವ ಹೊತ್ತಿಗೂ ಮುಗಿದಿರಲಿಲ್ಲ.

ಗ್ರಾಹಕರ ಸಮೀಕ್ಷೆಗೂ ಬೇಕಾದದ್ದು ಇದೇ ಎಂದು ನನಗೆ ಅನ್ನಿಸುತ್ತದೆ. 'ನಮ್ಮ ಉಪ್ಪಿನಕಾಯಿ ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎನ್ನುತ್ತಾರೆ. ಅದರಿಂದ ನಿಮಗೇನೂ ತಿಳಿಯುವುದಿಲ್ಲ, ಅಲ್ವಾ? 'ಕೊನೆಯ ಬಾಟಲಿ ಎಷ್ಟು ದಿನ ಬಂತು? ಮನೆಯಲ್ಲಿ ಯಾರು ಜಾಸ್ತಿ ತಿಂದರು? ಖಾಲಿಯಾದ ಮೇಲೆ ಯಾವುದು ತಂದಿರಿ?' ಎಂದು ಕೇಳಿದರೆ ಅವರ ಅಡುಗೆಮನೆಯೇ ಕಣ್ಣಿಗೆ ಕಟ್ಟುತ್ತದೆ. ಪ್ರಶ್ನೆ ಹೆಣೆಯುವುದು, ಉತ್ತರ ಬರುವವರೆಗೆ ತಾಳ್ಮೆಯಿಂದ ಕೂರುವುದು, ನಡುವೆ ಬಾಯಿ ಹಾಕದಿರುವುದು ನನಗೆ ಈಗಾಗಲೇ ರೂಢಿಯಾಗಿದೆ.

ಕೇಳಿದ್ದನ್ನೆಲ್ಲ ಹಾಗೇ ನಂಬುವುದೂ ಇಲ್ಲ. ಒಂದೇ ಸೀಮೆಯ ಎರಡು ಮನೆಯವರು ನೀರು ಬಂದ ವರ್ಷ ಬೇರೆ ಬೇರೆ ಹೇಳಿದರು. ಇಬ್ಬರ ಹೇಳಿಕೆಗೂ ಹದಿನೈದು ಹದಿನಾರು ವರ್ಷಗಳ ಅಂತರ. ಯಾರೋ ಒಬ್ಬರಿಗೆ ಮರೆತಿದೆ ಎಂದು ಬಿಟ್ಟುಬಿಡಬಹುದಿತ್ತು. ಹಳೆಯ ಭೂ ದಾಖಲೆ ಮತ್ತು ಗ್ರಾಮ ನಕ್ಷೆಗಳನ್ನು ತೆಗೆದು ನೋಡಿದೆ. ಇಬ್ಬರದ್ದೂ ನಿಜ. ಒಂದು ಮನೆಯವರು ಹೇಳುತ್ತಿದ್ದದ್ದು 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟಿನ ನೀರನ್ನು, ಇನ್ನೊಂದು ಮನೆಯವರು 1964ರ ಲಿಂಗನಮಕ್ಕಿಯದ್ದನ್ನು. ಆ ಹಳೆಯ ಅಣೆಕಟ್ಟೇ ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ.

ಅರ್ಜಿ ಹಾಕುವ ಮೊದಲು ನಿಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ಗ್ರಾಹಕರು ಆನ್‌ಲೈನ್ ಮಳಿಗೆಗಳಲ್ಲಿ ಬರೆದ ಅಭಿಪ್ರಾಯಗಳನ್ನು ಇದೇ ರೀತಿ ಓದಿದೆ. ಎಕ್ಸೆಲ್‌ನಲ್ಲಿ ಹಾಕಿಕೊಂಡು ರುಚಿ, ಉಪ್ಪು, ಮಿಡಿಯ ಗಟ್ಟಿತನ, ಪ್ಯಾಕಿಂಗ್ ಎಂದು ಬೇರೆ ಮಾಡಿ, ತಿಂಗಳ ಪ್ರಕಾರ ಜೋಡಿಸಿದೆ. ಕೆಲವರು 'ಉಪ್ಪು ಜಾಸ್ತಿ' ಎಂದರೆ ಕೆಲವರು 'ಉಪ್ಪು ಹದವಾಗಿದೆ' ಎಂದಿದ್ದಾರೆ. ಸುಮ್ನೆ ರುಚಿಭೇದ ಎಂದುಕೊಳ್ಳಬಹುದು. ಆದರೆ ಉಪ್ಪಿನ ದೂರು ಹೆಚ್ಚಾಗಿ ಬಂದಿರುವುದು ಹೊಸ ಮಿಡಿಯ ಕಾಲದ ಹಿಂದೆಮುಂದೆ. ಬೇರೆ ತಿಂಗಳುಗಳಲ್ಲಿ ಅಷ್ಟಿಲ್ಲ. ಉಪ್ಪುನೀರಿನಲ್ಲಿ ಮಿಡಿ ಇನ್ನೂ ಸರಿಯಾಗಿ ಇಳಿಯುವ ಮೊದಲೇ ಬಾಟಲಿಗೆ ಹೋಗುತ್ತಿದೆಯೋ, ಹಿಂದಿನ ವರ್ಷದ ದಾಸ್ತಾನು ಆ ಹೊತ್ತಿಗೆ ಹೊರಬೀಳುತ್ತಿದೆಯೋ, ನಿಮ್ಮ ಬ್ಯಾಚ್ ನಂಬರುಗಳ ಜೊತೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಈ ಪಟ್ಟಿಯನ್ನು ಅರ್ಜಿಯ ಜೊತೆ ಇಟ್ಟಿದ್ದೇನೆ.

ಇನ್ನು ಬರವಣಿಗೆ. ಪ್ರಾಜೆಕ್ಟ್ ವರದಿ ಉದ್ದವಾಗಿತ್ತು, ಅದು ಉದ್ದವಾಗಿಯೇ ಇರಬೇಕು. ಆದರೆ ನಮ್ಮ ವಿಭಾಗದಲ್ಲಿ ಜಿಲ್ಲೆಯ ಶಾಸನಗಳ ಅಚ್ಚುಗಳ ಪ್ರದರ್ಶನ ಇಟ್ಟಾಗ ಪಕ್ಕದ ವಿವರ ಫಲಕಗಳನ್ನು ಬರೆಯುವ ಕೆಲಸ ನನಗೆ ಬಂತು. ಫಲಕಕ್ಕೆ ಐದಾರು ಸಾಲು, ಅಷ್ಟೇ ಜಾಗ. ನಿಂತು ಓದುವವರು ಎರಡನೇ ಸಾಲಿಗೇ ಮುಂದೆ ಹೋಗಿಬಿಡುತ್ತಾರೆ. ಆ ಪ್ರದರ್ಶನದಲ್ಲಿ ನನಗೆ ತುಂಬ ಇಷ್ಟವಾದದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ 11ನೇ ಶತಮಾನದ ಒಂದು ಶಾಸನ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಹೊಗಳಿಕೆ ಅದರಲ್ಲಿದೆ. ನೆಲದ ದಾರಿ, ನೀರಿನ ದಾರಿಯಲ್ಲಿ ದೇಶ ದೇಶ ಸುತ್ತುವವರು ಎನ್ನುತ್ತದೆ. ಅವರು ಮಾರುತ್ತಿದ್ದ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ. 'ಒಳ್ಳೆಯ ಸರಕು ಮಾರುವವರು' ಎಂದಷ್ಟೇ ಕೆತ್ತಿದ್ದರೆ ಇವತ್ತು ಯಾರೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ನಾನು ಫಲಕವನ್ನು ಆ ಸರಕಿನ ಪಟ್ಟಿಯಿಂದಲೇ ಶುರು ಮಾಡಿದೆ. ಕಾಲ, ರಾಜವಂಶ ಎಲ್ಲ ಕೆಳಗೆ ಹೋಯಿತು. ಶಾಲೆಯ ಮಕ್ಕಳು ಅದನ್ನು ಜೋರಾಗಿ ಓದಿಕೊಂಡು ನಿಂತಿದ್ದರು.

ಆ ಅಭ್ಯಾಸವನ್ನೇ ನಮ್ಮೂರಿನ ಸ್ತ್ರೀಶಕ್ತಿ ಸಂಘದ ಹಲಸಿನ ಹಪ್ಪಳಕ್ಕೂ ತಂದೆ. ಅಮ್ಮ ಅದರ ಸದಸ್ಯೆ. 'ರುಚಿಯಾದ, ಶುಚಿಯಾದ ಮನೆ ಹಪ್ಪಳ ಸಿಗುತ್ತದೆ' ಎಂಬ ವಾಟ್ಸಾಪ್ ಸಂದೇಶ ಪ್ರತಿ ವರ್ಷ ಹೋಗುತ್ತಿತ್ತು. ಫೋನ್ ಮಾಡಿದವರು ಏನು ಕೇಳುತ್ತಾರೆ ಎಂದು ಸಂಘದವರ ಹತ್ತಿರ ವಿಚಾರಿಸಿದೆ. ಖಾರ ಹಾಕಿದ್ದೀರಾ? ಒಂದು ಕಟ್ಟಿನಲ್ಲಿ ಎಷ್ಟು? ಈ ವರ್ಷದ್ದಾ? ಕೊರಿಯರಿನಲ್ಲಿ ಪುಡಿಯಾಗುತ್ತದಾ? ಸಂದೇಶದಲ್ಲಿ ಈ ನಾಲ್ಕಕ್ಕೂ ಉತ್ತರ ಬರೆದೆವು. ಚಾಪೆ ಮೇಲೆ ಬಿಸಿಲಿಗೆ ಹರವಿದ ಹಪ್ಪಳದ ಫೋಟೋ ಹಾಕಿದೆವು. ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಗುರುತಿಲ್ಲದವರೂ ತರಿಸಿಕೊಂಡರು. ಮಳೆಗಾಲ ಶುರುವಾಗುವ ಮೊದಲೇ ಆ ವರ್ಷದ ಹಪ್ಪಳ ಖರ್ಚಾಯಿತು.

ನಿಮ್ಮ ಅಪ್ಪೆಮಿಡಿ ಬಾಟಲಿಯ ಮೇಲೆ ಈಗ 'ಪ್ರಾಚೀನ ಪರಂಪರೆಯ ಅಪ್ಪಟ ನೈಸರ್ಗಿಕ ಸವಿ' ಎಂದಿದೆ. ಬೇರೆ ಯಾವ ಬಾಟಲಿಗೆ ಅಂಟಿಸಿದರೂ ಅದು ನಡೆಯುತ್ತದೆ. ಅಪ್ಪೆಮಿಡಿಗೆ ಅಷ್ಟು ಸಾಲದು ಎಂಬುದು ನನ್ನ ಅನಿಸಿಕೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ಮಲೆನಾಡಿನ ಹೊಳೆದಂಡೆಯ ಮರಗಳ ಮಿಡಿ. ನೆಲಕ್ಕೆ ಬೀಳಿಸದೆ, ತೊಟ್ಟಿನ ಸಮೇತ ಕೊಯ್ದು ಉಪ್ಪಿಗೆ ಹಾಕಿದ್ದು. ಮುಚ್ಚಳ ತೆಗೆದಾಗ ಬರುವ ಘಮ ಮಿಡಿಯ ಸೊನೆಯದು. ಮೊಸರನ್ನಕ್ಕೆ ಒಂದು ಮಿಡಿ ಸಾಕು. ಉಳಿದ ರಸವನ್ನು ಚೆಲ್ಲಬೇಡಿ, ಬಿಸಿ ಗಂಜಿಗೆ ಬೆರೆಸಿ. ಚಮಚ ಒಣಗಿರಲಿ.'

ಇದು ಕರಡು ಮಾತ್ರ. ಹೊಳೆದಂಡೆಯ ಮರ, ತೊಟ್ಟಿನ ಸಮೇತ ಕೊಯ್ಲು ಎಂಬುದನ್ನೆಲ್ಲ ನಿಮ್ಮ ಖರೀದಿ ವಿಭಾಗದವರು ಹೌದು ಎನ್ನಬೇಕು, ಆಗಷ್ಟೇ ಅಚ್ಚಿಗೆ ಹೋಗಬೇಕು. ಮಿಡಿ ಕೊಡುವ ಮನೆಗಳಿಗೆ ಹೋಗಿ ಮಾತಾಡಿಸಿದರೆ ಇನ್ನೂ ಒಳ್ಳೆಯ ವಿವರ ಸಿಗುತ್ತದೆ. ಅಪ್ಪೆಯಲ್ಲಿ ಜೀರಿಗೆ ಪರಿಮಳದ್ದೇ ಬೇರೆ, ಮಾಳಂಜಿಯೇ ಬೇರೆ, ಅನಂತಭಟ್ಟನ ಅಪ್ಪೆಯೇ ಬೇರೆ. ಇಷ್ಟು ಬಗೆ ಇದೆ ಎಂಬುದೇ ಘಟ್ಟದಾಚೆಯ ಎಷ್ಟೋ ಗ್ರಾಹಕರಿಗೆ ಗೊತ್ತಿಲ್ಲ. ಪ್ರತಿ ಬಗೆಗೂ ಒಂದು ಚಿಕ್ಕ ಪರಿಚಯ ಬರೆಯಬೇಕೆಂಬ ಆಸೆ ನನಗಿದೆ.

'ನೈಸರ್ಗಿಕ', 'ಸಾಂಪ್ರದಾಯಿಕ' ಎಂಬ ಮಾತುಗಳಲ್ಲಿ ಎಚ್ಚರ ಬೇಕು. ಆಹಾರದ ಜಾಹೀರಾತು ಮತ್ತು ಹೇಳಿಕೆಗಳಿಗೆ 2018ರ ಎಫ್‌ಎಸ್‌ಎಸ್‌ಎಐ ನಿಯಮಗಳಿವೆ. ಇಂಥ ಪದಗಳನ್ನು ಎಲ್ಲಿ ಬಳಸಬಹುದು ಎಂದು ಅದರಲ್ಲಿ ಹೇಳಿದೆ. ಅಪ್ಪೆಮಿಡಿಗೆ ಜಿಐ ಮಾನ್ಯತೆ ಇದ್ದರೂ ಆ ಗುರುತನ್ನು ಬಾಟಲಿಗೆ ಹಾಕಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. 'ನೂರಾರು ವರ್ಷಗಳ ಪಾಕ' ಎಂದು ಬರೆಯುವ ಮೊದಲು ಅದಕ್ಕೆ ಆಧಾರವೇನು ಎಂದು ಕೇಳುವವರು ಪ್ರಚಾರ ವಿಭಾಗದ ಒಳಗೇ ಒಬ್ಬರು ಇರಬೇಕು. ನಮ್ಮ ಸೀಮೆಗೆ ಸುಳ್ಳು ಚರಿತ್ರೆ ಬೇಕಿಲ್ಲ. ಕೆಳದಿ ಅರಸರ ಕಾಲದ ಮೆಣಸಿನ ವ್ಯಾಪಾರಕ್ಕೆ ಪೋರ್ಚುಗೀಸರ, ಡಚ್ಚರ ದಾಖಲೆಗಳೇ ಇವೆ. ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಬುಕಾನನ್ 1801ರಲ್ಲಿ ಈ ಕಡೆ ಬಂದಾಗ ಅಡಿಕೆ, ಮೆಣಸಿನ ತೋಟಗಳನ್ನು ನೋಡಿ ಬರೆದಿಟ್ಟಿದ್ದಾನೆ. ನಿಮ್ಮ ಕಾಳುಮೆಣಸಿನ ಪೊಟ್ಟಣಕ್ಕೆ ಇವುಗಳಿಂದಲೇ ಬೇಕಾದಷ್ಟು ಸಿಗುತ್ತದೆ.

ಸರಕಿನ ವ್ಯವಹಾರ ನನಗೆ ಪೂರ್ತಿ ಹೊಸದಲ್ಲ. ನಮ್ಮದು ಅಡಿಕೆ ತೋಟದ ಮನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ವಿಂಗಡಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಮಾಡಿದ್ದೇನೆ. ಅಪ್ಪನ ಜೊತೆ ಶಿವಮೊಗ್ಗದ ಮಂಡಿಗೂ ಬರುತ್ತಿದ್ದೆ. ಕೊಳ್ಳುವವರು ಅಡಿಕೆ ಒಡೆದು ಒಳಗಿನ ಬಣ್ಣ ನೋಡಿಯೇ ದರ ಹೇಳುತ್ತಾರೆ, ನಾವು ಎಷ್ಟು ಹೊಗಳಿದರೂ ಅದರ ಮೇಲೆ ಒಂದು ರೂಪಾಯಿ ಏರುವುದಿಲ್ಲ.

ಆನ್‌ಲೈನ್ ಜಾಹೀರಾತಿಗೆ ಹಣ ಹಾಕಿ ನಡೆಸುವ ಕೆಲಸ ನಾನು ಮಾಡಿಲ್ಲ. ಅದನ್ನು ನಿಮ್ಮಲ್ಲೇ ಕಲಿಯಬೇಕು. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್‌ವರೆಗೆ ಬರುತ್ತದೆ. ಗೂಗಲ್ ಟ್ರೆಂಡ್ಸ್ ನೋಡಲು, ಕ್ಯಾನ್ವಾದಲ್ಲಿ ಪೋಸ್ಟರ್ ಮಾಡಲು ಬರುತ್ತದೆ. ನುಡಿ, ಯೂನಿಕೋಡ್ ಎರಡರಲ್ಲೂ ವೇಗವಾಗಿ ಟೈಪ್ ಮಾಡುತ್ತೇನೆ. ಇಂಗ್ಲಿಷಿನಲ್ಲಿ ಸರಾಗವಾಗಿ ಬರೆಯುತ್ತೇನೆ.

ತರಬೇತಿಯ ಆರು ತಿಂಗಳು ಸಾಗರದ ಘಟಕದಲ್ಲಿ ಇರಬೇಕಾದರೂ, ಮೇಳಗಳಿಗೆ ಬೇರೆ ಊರಿಗೆ ಹೋಗಬೇಕಾದರೂ ನಾನು ತಯಾರಿದ್ದೇನೆ. ಮೊದಲ ವಾರದಲ್ಲಿ ಒಂದೆರಡು ದಿನ ಪ್ಯಾಕಿಂಗ್ ವಿಭಾಗದಲ್ಲಿ, ಒಂದು ದಿನ ದೂರು ಸ್ವೀಕರಿಸುವ ಫೋನಿನ ಹತ್ತಿರ ಕೂರಲು ಅವಕಾಶ ಕೊಟ್ಟರೆ ಬಹಳ ಉಪಕಾರ. ಸಂದರ್ಶನಕ್ಕೆ ಮೊದಲು ನಿಮ್ಮ ಯಾವುದಾದರೂ ಉತ್ಪನ್ನದ ಬಗ್ಗೆ ಬರೆದು ತೋರಿಸಲು ಹೇಳಿದರೆ ಅದನ್ನೂ ಸಂತೋಷದಿಂದ ಮಾಡುತ್ತೇನೆ. ಜುಲೈ 1ರಿಂದ ಕೆಲಸಕ್ಕೆ ಸೇರಬಹುದು.

ಅಂಕಪಟ್ಟಿಗಳ ಪ್ರತಿ, ಪ್ರಾಜೆಕ್ಟ್ ವರದಿಯ ಒಂದು ಅಧ್ಯಾಯ, ಬಳ್ಳಿಗಾವೆ ಫಲಕದ ಫೋಟೋ, ಹಪ್ಪಳದ ಸಂದೇಶ ಮತ್ತು ಗ್ರಾಹಕರ ಅಭಿಪ್ರಾಯಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಹನಾ ಎಂ. ಎಸ್.